ಆರು ಜನ ಸಾಕಿತ್ತು, ಸಂಜೆ ಏಳಕ್ಕೆ ಯಾರೂ ಇರಲಿಲ್ಲ

ಹುಬ್ಬಳ್ಳಿಯ ಒಂದು ಚಿಕ್ಕ ಕಂಪನಿ. ಕಿರಾಣಿ, ಔಷಧಿ, ಹಾರ್ಡ್‌ವೇರ್ ಅಂಗಡಿಗಳಿಗೆ ಆನ್‌ಲೈನ್ ಬಿಲ್ಲಿಂಗ್ ಸೇವೆ ಕೊಡುತ್ತದೆ. ಬಿಲ್ ಹೊಡೆಯುವುದು, ಸ್ಟಾಕ್ ಇಡುವುದು, ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಲೆಕ್ಕ ತೆಗೆದುಕೊಡುವುದು ಅದರ ಕೆಲಸ. ಅಲ್ಲಿ ಸಪೋರ್ಟ್ ವಿಭಾಗ ನೋಡಿಕೊಳ್ಳುವವನು ನಾನು. 2025ರ ಜೂನ್ ಕೊನೆಯಲ್ಲಿ ಶುರುವಾದ ಒಂದು ಲೆಕ್ಕದ ಕಥೆ ಇದು. ಕಂಪನಿಯ ಹೆಸರು ಬಿಟ್ಟಿದ್ದೇನೆ, ಅಂಕಿಗಳನ್ನು ಓದಲು ಸುಲಭವಾಗಲಿ ಎಂದು ದುಂಡು ಮಾಡಿದ್ದೇನೆ.

ಆಗ ನಮಗೆ 6,000 ಅಂಗಡಿಗಳಿದ್ದವು. ಸಪೋರ್ಟ್‌ನಲ್ಲಿ ಆರು ಜನ. ಎಲ್ಲರೂ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿದ್ದರು, ಸಂಜೆ ಆರೂವರೆಗೆ ಹೊರಡುತ್ತಿದ್ದರು. ಭಾನುವಾರ ರಜೆ. ತಿಂಗಳ 20ನೇ ತಾರೀಕು ಬಂತೆಂದರೆ ಸಾಕು, ವಾಟ್ಸಾಪ್‌ನಲ್ಲಿ ಬಂದ ಪ್ರಶ್ನೆಗೆ ಉತ್ತರ ಹೋಗಲು ಒಂದೂವರೆ ದಿನ ಹಿಡಿಯುತ್ತಿತ್ತು. ಮಾಲೀಕರು ಒಂದು ದಿನ ಕರೆದು, "ಮಂದಿ ಸಾಲಂಗಿಲ್ರೀ. ಇನ್ನ ನಾಕ್ ಮಂದಿ ತಗೊಂಡ್ಬಿಡೋಣೇನು?" ಎಂದರು.

ನಾಲ್ಕು ಜನ ಎಂದರೆ ತಿಂಗಳ ಸಂಬಳದ ಮಾತು. "ಒಂದು ವಾರ ಟೈಮ್ ಕೊಡಿ ಸರ್, ಲೆಕ್ಕ ಹಾಕಿ ಹೇಳ್ತೀನಿ" ಎಂದು ಬಂದೆ.

ಮೊದಲು ಪುಸ್ತಕದಲ್ಲಿ ಇಲ್ಲದ್ದನ್ನು ಹುಡುಕಿದ್ದು

ಗಿರಾಕಿಯ ಒಂದೊಂದು ಪ್ರಶ್ನೆಯನ್ನೂ ಟಿಕೆಟ್ ಎಂದು ಬರೆದಿಡುವ ಸಾಫ್ಟ್‌ವೇರ್ ಪ್ರಕಾರ ತಿಂಗಳಿಗೆ 3,600 ಟಿಕೆಟ್ ಬರುತ್ತಿದ್ದವು. ನಮ್ಮಲ್ಲಿ ಫೋನ್ ಕರೆ ಬಂದರೂ ಒಂದು ಟಿಕೆಟ್, ವಾಟ್ಸಾಪ್ ಅಥವಾ ಇಮೇಲ್ ಬಂದರೂ ಒಂದು ಟಿಕೆಟ್. ಆದರೆ ಕರೆಗೆ ಟಿಕೆಟ್ ಹುಟ್ಟುವುದು ನಾವು ಎತ್ತಿದಾಗ ಮಾತ್ರ. ಎತ್ತದ ಕರೆ ಎಲ್ಲಿಯೂ ಬರೆದಿರುವುದಿಲ್ಲ. ಅಂದರೆ 3,600 ಎನ್ನುವುದು ಗಿರಾಕಿಗಳು ಕೇಳಿದ್ದರ ಲೆಕ್ಕ ಅಲ್ಲ, ನಾವು ಉತ್ತರಿಸಿದ್ದರ ಲೆಕ್ಕ. ಇದನ್ನೇ ಇಟ್ಟುಕೊಂಡು ಜನರನ್ನು ಲೆಕ್ಕ ಹಾಕಿದರೆ, ಹಳೆಯ ಕೊರತೆಯೇ ಹೊಸ ಯೋಜನೆಯೊಳಗೆ ಹೋಗಿ ಕೂರುತ್ತದೆ.

ಫೋನ್ ಲೈನ್ ಕೊಟ್ಟ ಕಂಪನಿಯ ಪೋರ್ಟಲ್‌ನಲ್ಲಿ ಮಿಸ್ಡ್ ಕಾಲ್ ಪಟ್ಟಿ ಸಿಗುತ್ತದೆ. ತೆಗೆದು ನೋಡಿದರೆ ಒಂದೇ ತಿಂಗಳಲ್ಲಿ ಸುಮಾರು 900. ಎದೆ ಧಸಕ್ಕೆಂದಿತು. ಆದರೆ ಗಾಬರಿ ಬೀಳುವ ಮೊದಲು ಒಂದೇ ನಂಬರಿನಿಂದ ಮತ್ತೆ ಮತ್ತೆ ಬಂದ ಕರೆಗಳನ್ನು ಒಂದಾಗಿಸಬೇಕು. ಅಂಗಡಿಯವರು ಒಮ್ಮೆ ಸಿಗದಿದ್ದರೆ ಸುಮ್ಮನಿರುವವರಲ್ಲ, ಐದು ನಿಮಿಷದಲ್ಲಿ ನಾಲ್ಕು ಸಲ ಹಚ್ಚುತ್ತಾರೆ. ಆಮೇಲೆ, ಅದೇ ದಿನ ಅಥವಾ ಮರುದಿನ ಲೈನ್ ಸಿಕ್ಕವರನ್ನು, ಬೇಸತ್ತು ವಾಟ್ಸಾಪ್ ಮಾಡಿದವರನ್ನು ಬಿಟ್ಟೆ. ಕೊನೆಗೆ ನಿಜವಾಗಿ ಉತ್ತರ ಸಿಗದೆ ಉಳಿದವರು ಸುಮಾರು 200. ಹಾಗಾಗಿ ನಮ್ಮ ನಿಜವಾದ ಲೆಕ್ಕ 3,800.

200 ದೊಡ್ಡ ಸಂಖ್ಯೆ ಏನಲ್ಲ. ಆದರೆ ಆ ಕರೆಗಳ ಗಂಟೆ ನೋಡಿದಾಗ ವಿಷಯ ಬೇರೆಯೇ ಆಯಿತು. ಹೆಚ್ಚಿನವು ಸಂಜೆ ಏಳರಿಂದ ಒಂಬತ್ತರ ನಡುವೆ ಬಂದಿದ್ದವು. ಅವುಗಳಲ್ಲಿ ಗದಗಿನ ಒಬ್ಬ ಅಂಗಡಿಯವರಿಗೆ ನಾನೇ ತಿರುಗಿ ಫೋನ್ ಮಾಡಿದೆ. "ಅಂಗಡಿ ಬಾಗ್ಲಾ ಹಾಕಿದ ಮ್ಯಾಲೇ ನಮಗ ಲೆಕ್ಕಾ ನೋಡಾಕ ಪುರಸೊತ್ತು. ಆವಾಗ ನೀವ್ ಫೋನ್ ಎತ್ತಂಗಿಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ಕಚೇರಿ ಹೊತ್ತು ಇಟ್ಟುಕೊಂಡಿದ್ದೆವು, ಅವರದು ಅಂಗಡಿ ಹೊತ್ತು.

ಒಂದು ಟಿಕೆಟ್‌ಗೆ ಎಷ್ಟು ನಿಮಿಷ

ಇಲ್ಲಿ ಒಂದು ಹಳೆಯ ತಪ್ಪು ಸರಿ ಮಾಡಬೇಕಾಯಿತು. ನಮ್ಮ ರಿಪೋರ್ಟ್‌ನಲ್ಲಿ ಪ್ರತಿ ಟಿಕೆಟ್ ಮುಗಿಯಲು ಸರಾಸರಿ ಒಂಬತ್ತು ಗಂಟೆ ಎಂದಿತ್ತು. ಅದು ಟಿಕೆಟ್ ತೆರೆದಾಗಿನಿಂದ ಮುಚ್ಚುವ ತನಕದ ಅವಧಿ. ಅದರಲ್ಲಿ ರಾತ್ರಿ ನಿದ್ದೆಯೂ ಇದೆ, ಗಿರಾಕಿ ಸ್ಕ್ರೀನ್‌ಶಾಟ್ ಕಳಿಸಲಿ ಎಂದು ಕಾದ ಹೊತ್ತೂ ಇದೆ. ಜನರ ಲೆಕ್ಕಕ್ಕೆ ಬೇಕಾದದ್ದು ಕೈ ಕೆಲಸದ ನಿಮಿಷಗಳು ಮಾತ್ರ.

ಒಂದು ವಾರ ಎಲ್ಲರಿಗೂ ಒಂದು ಹಾಳೆ ಕೊಟ್ಟು ಬರೆಸಿದೆ. ಫೋನ್ ಕರೆಗೆ ಮಾತು ಆರು ನಿಮಿಷ, ಆಮೇಲೆ ಟಿಪ್ಪಣಿ ಬರೆಯಲು ಮೂರು, ಒಟ್ಟು 9 ನಿಮಿಷ. ಬರವಣಿಗೆಯ ಟಿಕೆಟ್‌ಗೆ, ಅಂದರೆ ವಾಟ್ಸಾಪ್ ಮತ್ತು ಇಮೇಲ್‌ಗೆ, ಹಿಂದೆ ಮುಂದೆ ಹೋದ ಎಲ್ಲ ಉತ್ತರ ಸೇರಿ 12 ನಿಮಿಷ. ಮರಳಿ ತೆರೆದ ಟಿಕೆಟ್‌ನ ಸಮಯವನ್ನು ಅದೇ ಟಿಕೆಟ್‌ಗೆ ಸೇರಿಸಿದೆ. ಇಲ್ಲದಿದ್ದರೆ ಅವಸರದಲ್ಲಿ ಮುಚ್ಚುವವರು ಚುರುಕಾಗಿ ಕಾಣುತ್ತಾರೆ. ನೂರರಲ್ಲಿ 40 ಫೋನ್, 60 ಬರವಣಿಗೆ. ಎರಡೂ ಸೇರಿದರೆ ಸರಾಸರಿ 10.8 ನಿಮಿಷ.

3,800 ಟಿಕೆಟ್ ಅಂದರೆ ತಿಂಗಳಿಗೆ 684 ಗಂಟೆ ಕೆಲಸ.

ಈಗ ಒಬ್ಬರು ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲರು? 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಎಂದು ಮಾಲೀಕರು ಕ್ಯಾಲ್ಕುಲೇಟರ್ ಒತ್ತಿದರು. ಆದರೆ ರಜೆ, ಹಬ್ಬ, ಜ್ವರ ಸೇರಿ ತಿಂಗಳಿಗೆ ಮೂರು ದಿನ ಹೋಗುತ್ತದೆ. ಕೆಲಸಕ್ಕೆ ಬರುವ 23 ದಿನಗಳಲ್ಲಿ ಚಹಾ, ಮೀಟಿಂಗ್, ಹೊಸ ಫೀಚರ್ ಕಲಿಯುವುದು, ಇಂಟರ್ನೆಟ್ ಕೈಕೊಡುವುದು ಸೇರಿ ದಿನಕ್ಕೆ ಒಂದೂಕಾಲು ಗಂಟೆ ಹೋಗುತ್ತದೆ. ಉಳಿದದ್ದು ದಿನಕ್ಕೆ ಆರೂಮುಕ್ಕಾಲು ಗಂಟೆ. ಅದರಲ್ಲಿಯೂ ಪೂರ್ತಿ ತುಂಬಿಸಬಾರದು, ನೂರಕ್ಕೆ 80ರಷ್ಟು ಮಾತ್ರ ಟಿಕೆಟ್ ಕೆಲಸ ಎಂದು ಹಿಡಿದೆ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಹಾಗೆ ಹಿಡಿದರೆ ಒಬ್ಬರಿಂದ ದಿನಕ್ಕೆ 5.4 ಗಂಟೆ, ತಿಂಗಳಿಗೆ 124 ಗಂಟೆ. ಕಾಗದದ ಮೇಲಿನ 208ಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

684ನ್ನು 124ರಿಂದ ಭಾಗಿಸಿದರೆ 5.5. ಅಂದರೆ ಆರು ಜನ ಸಾಕು!

ಈ ಉತ್ತರ ಬಂದಾಗ ನಾನೇ ಎರಡು ಸಲ ಲೆಕ್ಕ ನೋಡಿದೆ. ಜನ ಸಾಕು ಎನ್ನುವುದಾದರೆ ಗಿರಾಕಿಗಳು ಯಾಕೆ ಒಂದೂವರೆ ದಿನ ಕಾಯುತ್ತಿದ್ದಾರೆ? ಕೆಲಸ ಬರುವ ಹೊತ್ತು ಒಂದು, ಜನ ಇರುವ ಹೊತ್ತು ಇನ್ನೊಂದು. ತಿಂಗಳ ಮೊತ್ತದಲ್ಲಿ ಅದು ಕಾಣುವುದೇ ಇಲ್ಲ.

ದಿನದ ಆಕಾರ, ತಿಂಗಳ ಆಕಾರ

ನಮ್ಮ ಟಿಕೆಟ್‌ಗಳಿಗೆ ವಾರದ ಲಯ ಅಷ್ಟಿಲ್ಲ, ತಾರೀಕಿನ ಲಯ ಜಾಸ್ತಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಕೊನೆ ದಿನ 11, ತೆರಿಗೆ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-3ಬಿಯ ಕೊನೆ ದಿನ 20. ಹಾಗಾಗಿ 9, 10, 11 ಮತ್ತು 18, 19, 20, ಈ ಆರು ದಿನ ಮಾಮೂಲಿಗಿಂತ ಎರಡು ಪಟ್ಟು ಟಿಕೆಟ್ ಬರುತ್ತವೆ. ಭಾನುವಾರ ಅರ್ಧ. ಉಳಿದ ಇಪ್ಪತ್ತು ದಿನ ಹೆಚ್ಚುಕಡಿಮೆ ಒಂದೇ ಸಮ.

3,800ನ್ನು ಹೀಗೆ ಹಂಚಿದರೆ ಮಾಮೂಲಿ ದಿನಕ್ಕೆ 112 ಟಿಕೆಟ್, ಅಂದರೆ 20 ಗಂಟೆ ಕೆಲಸ. ನಾಲ್ಕು ಜನ ಬಂದರೆ ಸಾಕು. ಗಡುವಿನ ದಿನಕ್ಕೆ 40 ಗಂಟೆ ಕೆಲಸ. ಆ ದಿನ ಮೀಟಿಂಗ್, ತರಬೇತಿ ಎಲ್ಲ ರದ್ದು ಮಾಡಿ, ಸ್ವಲ್ಪ ಬಿಗಿಯಾಗಿ ದುಡಿದರೆ ಒಬ್ಬರಿಂದ ಆರೂವರೆ ಗಂಟೆ ಸಿಗುತ್ತದೆ. ಆಗ ಆರು ಜನ ಬೇಕು. ಆರೂ ಜನ ಬಂದರೆ ಒಂದು ಗಂಟೆಯಷ್ಟು ಕೆಲಸ ಮಾತ್ರ ಮರುದಿನಕ್ಕೆ ಉಳಿಯುತ್ತದೆ, ಒಬ್ಬರಿಗೆ ಜ್ವರ ಬಂದರೆ ಲೆಕ್ಕ ಮುಗಿಯಿತು.

ಹಾಜರಿ ಪುಸ್ತಕ ತೆಗೆದು ನೋಡಿದೆ. ಮೇ ತಿಂಗಳ 19ರಂದು ಇಬ್ಬರು ರಜೆಯಲ್ಲಿದ್ದರು. ತಪ್ಪು ಅವರದ್ದಲ್ಲ. ರಜೆ ಮಂಜೂರು ಮಾಡಿದವನು ನಾನೇ. ಇತ್ತ 5ನೇ ತಾರೀಕಿಗೆ ಆರೂ ಜನ ಹಾಜರು, ಮಧ್ಯಾಹ್ನ ಮೂರಕ್ಕೆ ಕೆಲಸ ಖಾಲಿ.

ದಿನದೊಳಗೂ ಹೀಗೆಯೇ. ಬೆಳಿಗ್ಗೆ 11ರಿಂದ 1ರ ತನಕ ಕರೆಗಳ ಮೊದಲ ಅಲೆ. ಆಮೇಲೆ ಇಳಿಮುಖ. ಸಂಜೆ 7ರಿಂದ 9ಕ್ಕೆ ಎರಡನೇ ಅಲೆ. ನಮ್ಮವರು ಒಂದು ಗಂಟೆಗೆ ಆರೂ ಜನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು, ಫೋನ್ ಮೇಜಿನ ಮೇಲೆ ಹೊಡೆದುಕೊಳ್ಳುತ್ತಿತ್ತು. ಒಟ್ಟಿಗೆ ಉಣ್ಣುವ ಖುಷಿಯನ್ನು ಕಿತ್ತುಕೊಳ್ಳಲು ನನಗೂ ಮನಸ್ಸಿರಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ.

ಆರು ತಿಂಗಳಾಚೆಗೆ ಎಷ್ಟು ಟಿಕೆಟ್

ಈಗಿನದ್ದು ಹೀಗಾಯಿತು. ಡಿಸೆಂಬರ್ ಕೊನೆಗೆ ಏನು? ತಿಂಗಳಿಗೆ 400 ಹೊಸ ಅಂಗಡಿ ಸೇರುತ್ತಿದ್ದವು. ಆರು ತಿಂಗಳಿಗೆ 8,400. ಎಲ್ಲರೂ ಮಾಡುವ ಲೆಕ್ಕ ಏನು? ಅಂಗಡಿ ನೂರಕ್ಕೆ 40ರಷ್ಟು ಜಾಸ್ತಿ, ಹಾಗಾಗಿ ಟಿಕೆಟ್ಟೂ 40ರಷ್ಟು ಜಾಸ್ತಿ, 5,320.

ನಾನು ಟಿಕೆಟ್‌ಗಳನ್ನು ಅಂಗಡಿ ಸೇರಿದ ತಾರೀಕಿನ ಪ್ರಕಾರ ಬೇರ್ಪಡಿಸಿದೆ. ಹೊಸ ಅಂಗಡಿ ಮೊದಲ ತಿಂಗಳಲ್ಲಿ ಸರಾಸರಿ ಎರಡೂವರೆ ಟಿಕೆಟ್ ಹಾಕುತ್ತದೆ. ಪ್ರಿಂಟರ್ ಜೋಡಿಸುವುದು, ಎಕ್ಸೆಲ್‌ನಿಂದ ಸಾಮಾನಿನ ಪಟ್ಟಿ ಏರಿಸುವುದು, ಆರಂಭದ ಸ್ಟಾಕ್ ತುಂಬುವುದು, ಎಲ್ಲ ಆ ತಿಂಗಳಲ್ಲೇ. ಹಳೆಯ ಅಂಗಡಿಯದು ತಿಂಗಳಿಗೆ ಅರ್ಧ ಟಿಕೆಟ್ ಮಾತ್ರ. ಈಗಿನ ಲೆಕ್ಕಕ್ಕೆ ಇದು ಹೊಂದುತ್ತದೆಯೇ ಎಂದು ನೋಡಿದೆ. 400 ಹೊಸತರಿಂದ 1,000, ಉಳಿದ 5,600ರಿಂದ 2,800. ಒಟ್ಟು 3,800. ಸರಿ ಬಂತು.

ಡಿಸೆಂಬರ್‌ಗೆ ಹೊಸತರಿಂದ ಮತ್ತೆ ಅದೇ 1,000, ಹಳೆಯ 8,000ದಿಂದ 4,000. ಒಟ್ಟು 5,000. 5,320ಕ್ಕಿಂತ ಕಡಿಮೆ. ಆದರೆ ಖುಷಿ ಪಡುವ ಮೊದಲು ಇದೇ ಲೆಕ್ಕದ ಇನ್ನೊಂದು ಮುಖ ನೋಡಬೇಕು. ಒಬ್ಬರು ತಿಂಗಳಿಗೆ 124 ಗಂಟೆಯಲ್ಲಿ ಸುಮಾರು 690 ಟಿಕೆಟ್ ಮುಗಿಸುತ್ತಾರೆ. ಹಳೆಯ ಅಂಗಡಿಗಳ ಲೆಕ್ಕದಲ್ಲಿ ಅದು 1,380 ಅಂಗಡಿ. ಹೊಸ ಅಂಗಡಿಗಳ ಲೆಕ್ಕದಲ್ಲಿ ಬರೀ 276. ಅಂದರೆ ಮಾರಾಟದವರು ಒಂದು ತಿಂಗಳಲ್ಲಿ ಎಂದಿಗಿಂತ 276 ಅಂಗಡಿ ಜಾಸ್ತಿ ತಂದರೆ, ಆ ತಿಂಗಳು ನಮಗೆ ಪೂರ್ತಿ ಒಬ್ಬರು ಬೇಕು. ನಮ್ಮ ಕೆಲಸ ಬೆಳೆಯುವುದು ಒಟ್ಟು ಅಂಗಡಿಗಳ ಜೊತೆ ಮಾತ್ರ ಅಲ್ಲ, ಸೇರುವ ವೇಗದ ಜೊತೆಯೂ. ಈ ಒಂದು ಸಾಲನ್ನು ಹಾಳೆಯ ಮೇಲ್ಗಡೆ ಕೆಂಪು ಅಕ್ಷರದಲ್ಲಿ ಬರೆದಿಟ್ಟೆ.

5,000 ಟಿಕೆಟ್ ಅಂದರೆ 900 ಗಂಟೆ. 124ರಿಂದ ಭಾಗಿಸಿದರೆ 7.26, ಅಂದರೆ ಎಂಟು ಜನ. ದಿನದ ಲೆಕ್ಕದಲ್ಲಿಯೂ ನೋಡಿದೆ. ಮಾಮೂಲಿ ದಿನ 147 ಟಿಕೆಟ್, ಇಪ್ಪತ್ತಾರೂವರೆ ಗಂಟೆ, ಐದು ಜನ. ಗಡುವಿನ ದಿನ 53 ಗಂಟೆ, ಬಿಗಿಯಾಗಿ ದುಡಿದರೂ ಎಂಟು ಜನ, ಸ್ವಲ್ಪ ಕೆಲಸ ಮರುದಿನಕ್ಕೆ ಉಳಿಯುತ್ತದೆ. ಭಾನುವಾರ ಇಬ್ಬರು.

ಎರಡೂ ದಾರಿಯಲ್ಲಿ ಎಂಟೇ ಬಂತು, ಆದರೆ ಕಾರಣ ಬೇರೆ. ತಿಂಗಳಿಗೆ ಬೇಕಾದ ಹಾಜರಿ ಕೂಡಿದರೆ 156 ಆಗುತ್ತದೆ. ಒಬ್ಬರದು 23. ಏಳು ಜನರಿದ್ದರೂ ಅದು ಮುಗಿಯುತ್ತದೆ. ಎಂಟನೆಯವರು ಬೇಕಾಗಿರುವುದು ಆ ಆರು ದಿನಗಳಿಗಾಗಿ. ಗಡುವಿನ ದಿನವನ್ನೂ ಆರಾಮಾಗಿ ಕಳೆಯಬೇಕು ಎಂದುಕೊಂಡರೆ ಹತ್ತು ಜನ ಬೇಕು, ಉಳಿದ ಇಪ್ಪತ್ತು ದಿನ ಅವರಲ್ಲಿ ಅರ್ಧದಷ್ಟು ಜನಕ್ಕೆ ಕೆಲಸ ಇರುವುದಿಲ್ಲ. ಮಾಲೀಕರು ಕೇಳಿದ ನಾಲ್ಕು ಜನ ಅಂದರೆ ಇದೇ ಹತ್ತು.

ಫೋನಿಗೆ ಬೇರೆಯೇ ಗಣಿತ

ಬರವಣಿಗೆಯ ಟಿಕೆಟ್ ಸಾಲಿನಲ್ಲಿ ನಿಲ್ಲುತ್ತದೆ, ಎರಡು ಗಂಟೆ ತಡವಾದರೂ ಸಹಿಸುತ್ತದೆ. ಫೋನ್ ಹಾಗಲ್ಲ. ಅದಕ್ಕೆ ಮೇಲಿನ ಭಾಗಾಕಾರ ಸಾಲದು. ಇದರ ಗಣಿತ ಕೊಟ್ಟವರು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್. ಅವರ 1917ರ ಸೂತ್ರವೇ ಇಂದಿಗೂ ಕಾಲ್ ಸೆಂಟರ್‌ಗಳಲ್ಲಿ ಓಡುತ್ತಿದೆ. ಎಕ್ಸೆಲ್‌ನಲ್ಲಿ ಮಾಡಬಹುದು. ನಾನು ಪೈಥಾನ್‌ನಲ್ಲಿ ಬರೆದುಕೊಂಡೆ:

```python
def wait(calls, aht, n):
    a = calls * aht / 60
    b = 1.0
    for k in range(1, n + 1):
        b = a * b / (k + a * b)
    c = b / (1 - (a / n) * (1 - b))
    return c, c * aht / (n - a)

print(wait(10, 9, 3))
```

`calls` ಅಂದರೆ ಗಂಟೆಗೆ ಬರುವ ಕರೆ, `aht` ಅಂದರೆ ಒಂದು ಕರೆಗೆ ಹಿಡಿಯುವ ನಿಮಿಷ, `n` ಅಂದರೆ ಫೋನ್ ಮುಂದೆ ಕೂತ ಜನ. ಉತ್ತರದಲ್ಲಿ ಎರಡು ಅಂಕಿ ಬರುತ್ತವೆ. ಎಷ್ಟು ಪಾಲು ಜನ ಕಾಯಬೇಕಾಗುತ್ತದೆ, ಕಾಯದವರನ್ನೂ ಸೇರಿಸಿದರೆ ಸರಾಸರಿ ಎಷ್ಟು ನಿಮಿಷ ಕಾಯುತ್ತಾರೆ. `n` ಯಾವಾಗಲೂ `a`ಗಿಂತ ದೊಡ್ಡದಿರಬೇಕು. ಇಲ್ಲದಿದ್ದರೆ ಸಾಲು ಮುಗಿಯುವುದೇ ಇಲ್ಲ.

ಡಿಸೆಂಬರ್‌ನ ಮಾಮೂಲಿ ದಿನ, ಬೆಳಿಗ್ಗೆ 11ರ ಹೊತ್ತಿಗೆ ಗಂಟೆಗೆ ಹತ್ತು ಕರೆ. ಹತ್ತು ಕರೆ, ಒಂಬತ್ತು ನಿಮಿಷ, ಒಟ್ಟು 90 ನಿಮಿಷದ ಮಾತು. ಇಬ್ಬರಿಗೆ ಸೇರಿ 120 ನಿಮಿಷ ಇದೆ. ಸಾಕಲ್ವಾ? ಸೂತ್ರ ಬೇರೆಯೇ ಹೇಳಿತು. ಇಬ್ಬರಿದ್ದರೆ ನೂರರಲ್ಲಿ 64 ಜನ ಕಾಯಬೇಕು, ಸರಾಸರಿ ಹನ್ನೊಂದೂವರೆ ನಿಮಿಷ. ಮೂವರಿದ್ದರೆ ಕಾಯುವವರು 24 ಜನ, ಸರಾಸರಿ ಒಂದೂವರೆ ನಿಮಿಷಕ್ಕೂ ಕಡಿಮೆ. ನಾಲ್ವರಿದ್ದರೆ 16 ಸೆಕೆಂಡ್. ಕರೆಗಳು ಆರಾರು ನಿಮಿಷಕ್ಕೆ ಒಂದರಂತೆ ಶಿಸ್ತಾಗಿ ಬರುವುದಿಲ್ಲ, ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಕಾಲು ಗಂಟೆ ಸದ್ದಿಲ್ಲ. ಎರಡರಿಂದ ಮೂರಕ್ಕೆ ಹೋದಾಗ ಸಿಗುವ ಲಾಭ ಮೂರರಿಂದ ನಾಲ್ಕಕ್ಕೆ ಹೋದಾಗ ಇಲ್ಲ. ನಾನು ಮೂರಕ್ಕೆ ನಿಲ್ಲಿಸಿದೆ.

ಗಡುವಿನ ದಿನ ಅದೇ ಹೊತ್ತಿಗೆ ಇಪ್ಪತ್ತು ಕರೆ. ಕರೆ ಎರಡು ಪಟ್ಟಾದರೂ ಜನ ಎರಡು ಪಟ್ಟು ಬೇಡ. ಐವರಿದ್ದರೆ ಸರಾಸರಿ ಕಾಯುವ ಹೊತ್ತು ಒಂದು ನಿಮಿಷದ ಆಸುಪಾಸು. ದೊಡ್ಡ ಗುಂಪಿಗೆ ಇರುವ ಲಾಭ ಇದು. ಹಾಗಾಗಿಯೇ ಕನ್ನಡಕ್ಕೆ ಒಂದು, ಮರಾಠಿಗೆ ಒಂದು, ತೆಲುಗಿಗೆ ಒಂದು ಎಂದು ಸಣ್ಣ ಸಣ್ಣ ಸಾಲು ಮಾಡಬೇಡಿ ಎಂದು ಹಟ ಹಿಡಿದೆ. ಎರಡು ಭಾಷೆ ಬರುವವರನ್ನು ಒಂದೇ ಸಾಲಿಗೆ ಹಾಕಿದೆವು.

ಮೂವರು ಫೋನಿಗೆ ಕೂತರೆ ಅವರ ಅರ್ಧ ಹೊತ್ತು ಖಾಲಿ. ಅದನ್ನು ಕಂಡು ಮಾಲೀಕರ ಮುಖ ಗಂಟಾಯಿತು. ಆದರೆ ಆ ಖಾಲಿ ಹೊತ್ತಿಗೆ ವಾಟ್ಸಾಪ್ ಟಿಕೆಟ್ ಇದೆಯಲ್ಲ. ಫೋನ್ ಬಂದಾಗ ಅದನ್ನು ಅಲ್ಲೇ ಬಿಟ್ಟು ಎತ್ತುತ್ತಾರೆ, ಮುಗಿದ ಮೇಲೆ ಮತ್ತೆ ಹಿಡಿಯುತ್ತಾರೆ. ಹೀಗೆ ಬಿಟ್ಟು ಹಿಡಿಯುವುದರಲ್ಲಿ ಸ್ವಲ್ಪ ಹೊತ್ತು ಹಾಳಾಗುತ್ತದೆ. ನೂರಕ್ಕೆ 80ರಷ್ಟೇ ತುಂಬಿಸಿ ಎಂದದ್ದು ಇದಕ್ಕೇ. 95 ತುಂಬಿಸಿದರೆ ಫೋನ್ ಎತ್ತಲು ಕೈ ಖಾಲಿ ಇರುವುದಿಲ್ಲ, ಎರಡು ತಿಂಗಳಲ್ಲಿ ಒಬ್ಬರು ರಾಜೀನಾಮೆ ಪತ್ರ ಹಿಡಿದು ಬರುತ್ತಾರೆ.

ಈ ಸೂತ್ರಕ್ಕೂ ಮಿತಿ ಇದೆ. ಕಾದು ಬೇಸತ್ತು ಫೋನ್ ಇಡುವವರನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರೂ ಕೊನೆ ತನಕ ಕಾಯುತ್ತಾರೆ ಎಂದೇ ನಂಬುತ್ತದೆ. ಅದಕ್ಕೇ ಜನ ಕಡಿಮೆ ಇದ್ದಾಗ ಅದು ತೋರಿಸುವ ಕಾಯುವಿಕೆ ನಿಜಕ್ಕಿಂತ ಉದ್ದ. ಇನ್ನೊಂದು, ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಅದರ ನಂಬಿಕೆ. ಜಿಎಸ್‌ಟಿ ಪೋರ್ಟಲ್ ನಿಧಾನವಾದ ದಿನ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಾರಣಕ್ಕೆ ಫೋನ್ ಮಾಡುತ್ತಾರೆ. ಆಗ ಎರ್ಲಾಂಗ್ ಅವರೇ ಬಂದು ಕೂತರೂ ಕಷ್ಟ.

ಪಾಳಿ

ಎರಡು ಪಾಳಿ ಮಾಡಿದೆವು. ಒಂದು ಬೆಳಿಗ್ಗೆ 9ರಿಂದ ಸಂಜೆ 6, ಇನ್ನೊಂದು ಮಧ್ಯಾಹ್ನ 12ರಿಂದ ರಾತ್ರಿ 9. ಎರಡರಲ್ಲೂ ಒಂದು ಗಂಟೆ ಬಿಡುವು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಸತತ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ವಿರಾಮ ಬೇಕು. ಹಾಗಾಗಿ ಬೆಳಗಿನವರ ಊಟ ಮಧ್ಯಾಹ್ನ 2ರೊಳಗೆ, ಮಧ್ಯಾಹ್ನದವರ ಬಿಡುವು ಸಂಜೆ 5ರೊಳಗೆ ಶುರುವಾಗಲೇಬೇಕು.

ಎಂಟು ಜನರ ಲೆಕ್ಕದ ಮಾಮೂಲಿ ದಿನ ನೋಡಿ. ಬೆಳಿಗ್ಗೆ ಮೂವರು, ಮಧ್ಯಾಹ್ನದ ಪಾಳಿಗೆ ಇಬ್ಬರು. 11ಕ್ಕೆ ಫೋನಿಗೆ ಮೂವರು ಇದ್ದಾರೆ. 12ಕ್ಕೆ ಇಬ್ಬರು ಸೇರುತ್ತಾರೆ, ಬೆಳಗಿನವರಲ್ಲಿ ಒಬ್ಬರು ಊಟಕ್ಕೆ ಹೋಗುತ್ತಾರೆ. 1ಕ್ಕೆ ಉಳಿದ ಇಬ್ಬರು ಹೋಗುತ್ತಾರೆ. ಸಂಜೆ 6ರ ತನಕ ಸಾಲಿನಲ್ಲಿ ಯಾವ ಹೊತ್ತಿಗೂ ಮೂವರಿಗಿಂತ ಕಡಿಮೆ ಆಗುವುದಿಲ್ಲ. ಸಂಜೆ ಗಂಟೆಗೆ ಏಳು ಕರೆ, ಇಬ್ಬರಿದ್ದಾರೆ, ಸರಾಸರಿ ಮೂರೂವರೆ ನಿಮಿಷ ಕಾಯಬೇಕಾಗುತ್ತದೆ. ಬಾಗಿಲು ಹಾಕಿ ಕೂತ ಅಂಗಡಿಯವರು ಅಷ್ಟು ಕಾಯುತ್ತಾರೆ ಎಂದು ಒಪ್ಪಿಕೊಂಡೆವು. ಗಡುವಿನ ದಿನ ಬೆಳಿಗ್ಗೆ ನಾಲ್ವರು, ಸಂಜೆ ನಾಲ್ವರು. 11ರಿಂದ 12ಕ್ಕೆ ಬೇಕಾದ ಐದನೆಯವರು ಹೊಸ ಅಂಗಡಿಗಳಿಗೆ ಕಲಿಸುವ ತಂಡದಿಂದ ಬಂದು ಕೂರುತ್ತಾರೆ.

ಭಾನುವಾರ ಇಬ್ಬರು, ಎಂಟು ಜನರಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೊಂದು ಭಾನುವಾರ. ಅದರ ಬದಲಿ ರಜೆ ಗಡುವಿನ ದಿನಗಳನ್ನು ಬಿಟ್ಟು ಬೇರೆ ದಿನ. 9ರಿಂದ 11, 18ರಿಂದ 20 ಮೊದಲೇ ಕೇಳದೆ ರಜೆ ಇಲ್ಲ. ಈ ನಿಯಮ ಮೊದಲ ದಿನವೇ ಕೆಲಸಕ್ಕೆ ಬಂತು. ಹೊಸಬರನ್ನು ತೆಗೆದುಕೊಳ್ಳುವ ಮೊದಲೇ ಬಾಕಿ ಇಳಿದದ್ದು ಇದರಿಂದ.

ರಾತ್ರಿ 9ಕ್ಕೆ ಮುಗಿಯುವ ಪಾಳಿಗೆ ಮನೆ ತನಕ ಬಿಡುವ ವಾಹನದ ಖರ್ಚು ಇದೆ. ಮಹಿಳೆಯರನ್ನು ರಾತ್ರಿ ದುಡಿಸಲು ಒಪ್ಪಿಗೆ, ವಾಹನ ಮುಂತಾದ ಷರತ್ತುಗಳು ಕಾನೂನಿನಲ್ಲಿಯೇ ಇವೆ. ಇದನ್ನು ನಾನು ಮೊದಲ ಹಾಳೆಯಲ್ಲಿ ಸೇರಿಸಿರಲಿಲ್ಲ, ನಮ್ಮ ತಂಡದ ಹಿರಿಯ ಅಕ್ಕ ಒಬ್ಬರು, "ಒಂಬತ್ತಕ್ಕ ಮುಗದ್ರ ನವನಗರಕ್ಕ ಹೆಂಗ ಹೋಗೋದ್ರೀ?" ಎಂದು ಕೇಳಿದ ಮೇಲೆ ಸೇರಿಸಿದೆ.

ಯಾವಾಗ ತೆಗೆದುಕೊಳ್ಳಬೇಕು

ಮಾಲೀಕರಿಗೆ ಹೇಳಿದ್ದು ಇಷ್ಟು. ನಾಲ್ಕಲ್ಲ, ಇಬ್ಬರು ಸಾಕು. ಆದರೆ ಡಿಸೆಂಬರ್‌ನಲ್ಲಿ ಅಲ್ಲ, ಈಗಲೇ ಹುಡುಕಬೇಕು. ಸರಿಯಾದವರು ಸಿಗಲು ಒಂದೂವರೆ ತಿಂಗಳು, ಬಂದ ಮೇಲೆ ಒಬ್ಬರೇ ಫೋನ್ ಹಿಡಿಯುವಂತಾಗಲು ಇನ್ನೊಂದೂವರೆ ತಿಂಗಳು. ಆ ಕಲಿಕೆಯ ಹೊತ್ತಿನಲ್ಲಿ ಹಳಬರೊಬ್ಬರ ಅರ್ಧ ದಿನ ಅವರ ಪಕ್ಕದಲ್ಲಿ ಹೋಗುತ್ತದೆ. ಹೊಸಬರು ಬಂದ ಮೊದಲ ತಿಂಗಳು ತಂಡದ ಬಲ ಕಡಿಮೆಯೇ ಆಗುತ್ತದೆ. ಹಾಗಾಗಿ ಅವರು ಸೇರುವ ದಿನವನ್ನು 23ರ ನಂತರ ಇಟ್ಟೆವು, 20ರ ಗಡಿಬಿಡಿಯಲ್ಲಿ ಕಲಿಸುವವರು ಯಾರು?

ತಪ್ಪಿದ್ದು

ಜುಲೈ 1ರಿಂದ ಹಳೆಯ ಆರು ಜನರೊಂದಿಗೆ ಹೊಸ ಪಾಳಿ ಶುರುವಾಯಿತು. 11 ಚೆನ್ನಾಗಿ ದಾಟಿತು ಎಂದುಕೊಂಡೆ. 12, 13 ಇಳಿಯಲೇ ಇಲ್ಲ. 20 ಮುಗಿದ ಮೇಲೆ 21, 22 ಕೂಡ ಹಾಗೆಯೇ. ಬಾಕಿ ಮತ್ತೆ ಏರಿತು.

ತಪ್ಪು ನನ್ನದೇ. ಟಿಕೆಟ್ ಸಾಫ್ಟ್‌ವೇರ್ ಬದಲಿಸಿದ್ದು ಮೇ 1ಕ್ಕೆ, ಹಾಗಾಗಿ ಮೇ, ಜೂನ್ ಎರಡೇ ತಿಂಗಳ ಲೆಕ್ಕ ನನ್ನ ಕೈಯಲ್ಲಿತ್ತು. ವರ್ಷಕ್ಕೆ 5 ಕೋಟಿ ರೂಪಾಯಿ ತನಕ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ದಾರಿ ಹಿಡಿಯಬಹುದು. ಅವರಿಗೆ ಜಿಎಸ್‌ಟಿಆರ್-1ಕ್ಕೆ 13, ಕರ್ನಾಟಕದಲ್ಲಿ 3ಬಿಗೆ 22 ಕೊನೆ ದಿನ. ಇದು ಬರುವುದು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಸಣ್ಣ ಅಂಗಡಿಯವರೇ! ಗೊತ್ತಿದ್ದ ವಿಷಯವೇ, ಆದರೆ ಹಾಳೆಯಲ್ಲಿ ಕಾಣದ್ದನ್ನು ತಲೆಯೂ ಮರೆತಿತ್ತು. ಆ ನಾಲ್ಕು ತಿಂಗಳಿಗೆ ಗಡುವಿನ ದಿನಗಳನ್ನು ಆರರಿಂದ ಹತ್ತಕ್ಕೆ ಏರಿಸಿದೆ.

ಈ ಏರಿಕೆ ಮೊದಲೇ ಕಾಣುವಂತೆ ಒಂದು ಅಂಕಿ ನೋಡುವುದನ್ನು ರೂಢಿ ಮಾಡಿಕೊಂಡೆ. ಬಾಕಿ ಟಿಕೆಟ್ ಎಷ್ಟಿವೆ ಎನ್ನುವುದಲ್ಲ. ರಾತ್ರಿ 9ಕ್ಕೆ, ಉತ್ತರ ಸಿಗದ ಟಿಕೆಟ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಎಷ್ಟು ಗಂಟೆಯದು ಎನ್ನುವುದು. 60 ಬಾಕಿ ಇದ್ದು ಎಲ್ಲವೂ ಸಂಜೆ ಬಂದವಾದರೆ ಚಿಂತೆಯಿಲ್ಲ. ಹದಿನೈದೇ ಇದ್ದು ಒಂದು ನಿನ್ನೆ ಬೆಳಗಿನದಾದರೆ ಎಲ್ಲೋ ತೊಡಕಿದೆ. ಸುಲಭದ್ದನ್ನು ಆರಿಸಿ ಮುಗಿಸುತ್ತಿದ್ದಾರೆ, ಅಥವಾ ಆ ಟಿಕೆಟ್ ತಾಂತ್ರಿಕ ತಂಡದ ಬಳಿ ಸಿಕ್ಕಿಬಿದ್ದಿದೆ. ಎರಡನೆಯದಕ್ಕೆ ಸಪೋರ್ಟ್‌ನಲ್ಲಿ ಎಷ್ಟು ಜನ ಹಾಕಿದರೂ ಪ್ರಯೋಜನ ಇಲ್ಲ.

ಸೆಪ್ಟೆಂಬರ್‌ನಲ್ಲಿ ಯಾವ ಹಳೆಯ ಲೆಕ್ಕಕ್ಕೂ ಸಿಗದ್ದು ಬಂತು. ಜಿಎಸ್‌ಟಿ ದರಗಳ ಬದಲಾವಣೆ. ಮಂಡಳಿ 3ರಂದು ಹೇಳಿತು, ಜಾರಿ 22ಕ್ಕೆ. ನೂರಕ್ಕೆ 12, 28ರ ತೆರಿಗೆಯಲ್ಲಿದ್ದ ಬಹುತೇಕ ಸರಕು 5 ಅಥವಾ 18ಕ್ಕೆ ಬಂತು. 20 ಶನಿವಾರ, 3ಬಿ ಗಡುವು. 22 ಸೋಮವಾರ. ನಡುವೆ ಒಂದು ಭಾನುವಾರ. ಹಳೆಯ ಸ್ಟಾಕಿಗೆ ಯಾವ ದರ, ಹಳೆಯ ಎಂಆರ್‌ಪಿ ಏನು ಮಾಡುವುದು, ಮೊನ್ನೆ ಹೊಡೆದ ಬಿಲ್ ವಾಪಸ್ ಬಂದರೆ ಹೇಗೆ, ಎಲ್ಲರಿಗೂ ಇದೇ ಪ್ರಶ್ನೆಗಳು. ಅಂಥ ದಿನಕ್ಕೆ ಇನ್ನಿಬ್ಬರನ್ನು ಕೂರಿಸಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಮಗಿದ್ದದ್ದು 19 ದಿನದ ಮುನ್ಸೂಚನೆ. ಆ ದಿನಗಳಲ್ಲಿ ದರವನ್ನು ಒಟ್ಟಿಗೆ ಬದಲಿಸುವ ಒಂದು ಬಟನ್ ತಾಂತ್ರಿಕ ತಂಡದಿಂದ ಮಾಡಿಸಿದೆವು, ಮೂರು ಹೆಜ್ಜೆಯ ವಾಟ್ಸಾಪ್ ಸಂದೇಶವನ್ನು ಎಲ್ಲ ಅಂಗಡಿಗಳಿಗೆ ಮೊದಲೇ ಕಳಿಸಿದೆವು, 21ರ ಭಾನುವಾರ ಎಲ್ಲರೂ ಬಂದೆವು. ಸೋಮವಾರ ಕಷ್ಟವಾಯಿತು, ಆದರೆ ಕೆಲಸ ಬುಧವಾರಕ್ಕೆ ಹತೋಟಿಗೆ ಬಂತು.

ಅಕ್ಟೋಬರ್‌ನಲ್ಲಿ ಇನ್ನೊಂದು ಪಾಠ. 20ಕ್ಕೇ ದೀಪಾವಳಿ. ಕೊನೆ ಗಳಿಗೆಯಲ್ಲಿ 3ಬಿ ಗಡುವು 25ಕ್ಕೆ ಹೋಯಿತು. ಹಬ್ಬಕ್ಕೆ ರಜೆ ಬೇಡ ಎಂದು ಮನೆಯವರಿಗೆ ಹೇಳಿಬಂದವರು ಸುಮ್ನೆ ಕೂತರು, ಬದಲಿ ರಜೆ ಕೊಟ್ಟಿದ್ದ 24ಕ್ಕೆ ಫೋನ್ ನಿಲ್ಲಲಿಲ್ಲ. ಈಗ ಪಾಳಿ ಪಟ್ಟಿಯಲ್ಲಿ ಗಡುವಿನ ದಿನ ಎಂದು ತಾರೀಕು ಬರೆಯುವುದಿಲ್ಲ. "ಗಡುವಿಗೆ ಎರಡು ದಿನ ಮುಂಚೆ, ಒಂದು ದಿನ ಮುಂಚೆ, ಗಡುವು" ಎಂದು ಬರೆಯುತ್ತೇವೆ. ಗಡುವು ಸರಿದರೆ ಪಾಳಿಯೂ ಅದರ ಜೊತೆ ಸರಿಯುತ್ತದೆ ಎಂದು ಎಲ್ಲರಿಗೂ ಗೊತ್ತು.

ಹೊಸ ಇಬ್ಬರು ಅಷ್ಟರಲ್ಲಿ ಸ್ವಂತ ಫೋನ್ ಹಿಡಿಯುವ ಹಂತಕ್ಕೆ ಬಂದಿದ್ದರು. ನವೆಂಬರ್ ಮೊದಲ ವಾರ ಮಾಲೀಕರು ಫೋನ್ ಮಾಡಿದರು. ವಿಜಯಪುರದ ಒಬ್ಬ ವಿತರಕರು ತಮ್ಮ ಕೆಳಗಿನ 300 ಅಂಗಡಿಗಳನ್ನು ಒಟ್ಟಿಗೆ ತರುತ್ತಾರಂತೆ. ಅವರ ದನಿಯಲ್ಲಿ ಖುಷಿ. ನಾನು ಹಾಳೆಯ ಮೇಲಿನ ಕೆಂಪು ಸಾಲು ನೋಡಿದೆ. ಒಬ್ಬರಿಗೆ 276.

"ಯಾವತ್ತಿಂದ ಸರ್?"

"ಹದಿನೈದರಿಂದ."

"ಇಪ್ಪತ್ಮೂರರಿಂದ ಮಾಡೋಣ. ಒಂದೇ ಸಲ ಬೇಡ, ವಾರಕ್ಕೆ ಎಪ್ಪತ್ತೈದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆತು, ಹೇಳ್ತೇನಿ ಅವರಿಗೆ" ಎಂದರು.